ರೇಡಿಯೊ ಬಿಚ್ಚಿಟ್ಟವರಿಗೆ ಮೊದಲ ಮಾತು

ನನಗೆ ಮೂವತ್ತೊಂಬತ್ತು ತುಂಬಿದ ವರ್ಷ ಅವ್ವ ನನ್ನ ಬಯೊಡೇಟಾ ಹಂಚುವುದನ್ನು ನಿಲ್ಲಿಸಿದಳು. ಸಿಟ್ಟಿನಿಂದಲ್ಲ, ಹಂಚಲು ಯಾರೂ ಉಳಿದಿರಲಿಲ್ಲ. ಬಾಗಲಕೋಟೆ ಕಡೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿದ ಮನೆಗಳೆಲ್ಲ ಅವಳಿಗೆ ಗೊತ್ತು, ಅಷ್ಟೂ ಮನೆಗಳಿಗೆ ಆ ಹಾಳೆ ಹೋಗಿ ಬಂದಿತ್ತು. ಅದರಲ್ಲಿ ಹವ್ಯಾಸ ಎಂಬ ಸಾಲಿನ ಮುಂದೆ ಅವ್ವ ಅಡುಗೆ, ಸಂಗೀತ, ರಂಗೋಲಿ ಎಂದು ಬರೆಸಿದ್ದಳು. ನಾನು ಬುದ್ಧಿ ಬಂದಮೇಲೆ ರಂಗೋಲಿ ಹಾಕಿದವಳಲ್ಲ.

ನಾನು ಮಾಡುತ್ತಿದ್ದದ್ದು ರೇಡಿಯೊ ರಿಪೇರಿ. ಅಪ್ಪ ಇಲ್ಲಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಟೆಕ್ನೀಷಿಯನ್ ಆಗಿದ್ದ. ಸಂಜೆ ಮನೆಗೆ ಬಂದು ಕಾಲೋನಿಯವರ ರೇಡಿಯೊಗಳನ್ನು ಬಿಚ್ಚಿ ಕೂಡುತ್ತಿದ್ದ. ಬೆಸುಗೆ ಹಾಕುವಾಗ ತಂತಿ ಹಿಡಿಯುವ ಕೆಲಸ ನನ್ನದಿತ್ತು. ಆಮೇಲೆ ಬೆಸುಗೆಯೂ ನನ್ನದಾಯಿತು. ಅಪ್ಪ ತೀರಿಕೊಂಡಮೇಲೆ ಅವನ ಸಾಮಾನಿನ ಡಬ್ಬಿ ಬಾಲ್ಕನಿಯಲ್ಲಿ ನನ್ನ ಪಾಲಿಗೆ ಉಳಿಯಿತು. ಈಗ ನಾನೂ ಅಂಥದ್ದೇ ಒಂದು ಕಾರ್ಖಾನೆಯ ಟೆಸ್ಟಿಂಗ್ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ರವಿವಾರ ಯಾರದೋ ಮನೆಯ ಅಟ್ಟದಿಂದ ಇಳಿದ ಹಳೆಯ ಸೆಟ್ಟನ್ನು ಮುಂದಿಟ್ಟುಕೊಂಡು ಕೂತರೆ ಊಟದ ನೆನಪಿರುವುದಿಲ್ಲ.

ಲ್ಯಾಬಿನಲ್ಲಿ ನನ್ನ ಪಕ್ಕದ ಬೆಂಚಿನವಳು ರಾಯಚೂರಿನ ಹುಡುಗಿ. ನನಗಿಂತ ಸಾಕಷ್ಟು ಚಿಕ್ಕವಳು. ಅವಳು ತನ್ನ ಗಂಡನನ್ನು ಮೊದಲು ಕಂಡದ್ದು ಮೊಬೈಲಿನಲ್ಲಿ, ಒಂದು ಡೇಟಿಂಗ್ ಆಪ್‌ನಲ್ಲಿ. ಒಂದು ಮಧ್ಯಾಹ್ನ ಡಬ್ಬಿ ಬಿಚ್ಚಿ ಊಟ ಮಾಡುತ್ತ, "ಅಕ್ಕಾ, ನೀವೂ ಒಮ್ಮೆ ನೋಡ್ರಲ್ಲ" ಎಂದಳು.

"ನನ್ನ ವಯಸ್ಸಿನವ್ರು ಅಲ್ಲಿ ಯಾರ್ ಇರ್ತಾರವ್ವ?"

"ನಿಮ್ಮ ವಯಸ್ಸಿನವ್ರೇ ಇರ್ತಾರ್ರಿ. ಅವ್ರೂ ಹಿಂಗೇ ಅನ್ಕೊಂಡು ಕುಂತಿರ್ತಾರ."

ಅವಳು ಆರಿಸಿದ ಆಪ್‌ಗೆ ಒಂದು ನಿಯಮವಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಇಷ್ಟಪಟ್ಟರೆ ಜೋಡಿ ಕೂಡುತ್ತದೆ, ಆದರೆ ಮೊದಲ ಮಾತನ್ನು ಹೆಣ್ಣೇ ಬರೆಯಬೇಕು. ಗಂಡಸಿಗೆ ಬರೆಯಲು ಜಾಗವೇ ತೆರೆಯುವುದಿಲ್ಲ. ಒಂದು ದಿನದೊಳಗೆ ಬರೆಯದಿದ್ದರೆ ಜೋಡಿ ತಾನಾಗಿ ಅಳಿಸಿಹೋಗುತ್ತದೆ. ಬೇಡದ ಮೆಸೇಜುಗಳ ಕಾಟ ಕಡಿಮೆ ಎಂದು ಅವಳು ಅದನ್ನು ಹಾಕಿಕೊಟ್ಟಳು. ಮೊದಲ ಮಾತು ಆಡುವುದರಲ್ಲಿ ನಾನೆಷ್ಟು ದಡ್ಡಿ ಎಂದು ಆಗ ಅವಳಿಗೂ ಗೊತ್ತಿರಲಿಲ್ಲ, ನನಗೂ.

ನನ್ನ ಪರಿಚಯದಲ್ಲಿ ಅಭ್ಯಾಸಬಲದಿಂದ ಅಡುಗೆ, ಸಂಗೀತ ಎಂದೇ ಬರೆದೆ. ಬ್ಯಾಂಕಿನಲ್ಲಿರುವ ಒಬ್ಬರ ಜೊತೆ ಜೋಡಿ ಕೂಡಿತು. "ನಮಸ್ತೆ, ಹೇಗಿದ್ದೀರಿ?" ಎಂದು ಬರೆದೆ. ಉತ್ತರ ಬರಲಿಲ್ಲ. ಇನ್ನೊಬ್ಬರಿಗೂ ಅದನ್ನೇ ಬರೆದೆ. ಅವರು "ಚೆನ್ನಾಗಿದ್ದೇನೆ, ನೀವು?" ಎಂದರು. ನಾನೂ ಚೆನ್ನಾಗಿದ್ದೇನೆ ಎಂದೆ. ಅಲ್ಲಿಗೆ ನಮ್ಮಿಬ್ಬರ ಮಾತು ಮುಗಿಯಿತು.

"ಅಕ್ಕಾ, ಹೇಗಿದ್ದೀರಿ ಅಂದ್ರ ಅವ್ರ್ ಏನ್ ಹೇಳ್ಬೇಕ್ರಿ?" ಎಂದಳು ರಾಯಚೂರಿನವಳು. "ಅವ್ರು ಏನ್ ಬರ್ದಾರ, ಯಾವ ಫೋಟೊ ಹಾಕ್ಯಾರ ನೋಡ್ರಿ. ಅದರಾಗಿಂದ ಒಂದ್ ಹಿಡೀರಿ. ಅವರಿಗೇ ಬರ್ದಿದ್ದು ಅನ್ನಿಸ್ಬೇಕು."

ಮುಂದಿನವರ ಫೋಟೊದಲ್ಲಿ ಕ್ರಿಕೆಟ್ ಬ್ಯಾಟು ಇತ್ತು. ರವಿವಾರ ಬೆಳಿಗ್ಗೆ ತಪ್ಪದೆ ಆಡುತ್ತೇನೆ ಎಂಬ ಸಾಲೂ ಇತ್ತು. ನಾನು ಬಹಳ ಯೋಚಿಸಿ, ನನಗೂ ಕ್ರಿಕೆಟ್ ಎಂದರೆ ಪ್ರಾಣ, ನೀವು ಬ್ಯಾಟಿಂಗೋ ಬೌಲಿಂಗೋ ಎಂದು ಬರೆದೆ. ಪಾಪ, ಅವರಿಗೆ ಎಷ್ಟು ಖುಷಿಯಾಯಿತೆಂದರೆ ಕೂಡಲೇ ಉತ್ತರ ಬಂತು. ತಾವು ಲೆಗ್ ಸ್ಪಿನ್ ಹಾಕುವುದಾಗಿಯೂ, ಈಚೆಗೆ ಗೂಗ್ಲಿ ಕೈಕೊಡುತ್ತಿರುವುದಾಗಿಯೂ ಬರೆದು, ನಿಮಗೆ ಯಾವ ಸ್ಪಿನ್ನರ್ ಇಷ್ಟ ಎಂದು ಕೇಳಿದ್ದರು. ಗೂಗ್ಲಿ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ಹುಡುಕಿ ಓದಿದೆ, ತಲೆಗೆ ಹೋಗಲಿಲ್ಲ. ಕೊನೆಗೆ, "ಕ್ಷಮಿಸಿ, ನನಗೆ ಕ್ರಿಕೆಟ್ ಅಷ್ಟಾಗಿ ತಿಳಿಯದು" ಎಂದು ಬರೆದೆ. ಅವರು ಒಳ್ಳೆಯವರು, ಪರವಾಗಿಲ್ಲ ಎಂದು ಬರೆದು ಸುಮ್ಮನಾದರು.

ರಾಯಚೂರಿನವಳು ನಗಲಿಲ್ಲ. ನನ್ನ ಫೋನು ತೆಗೆದುಕೊಂಡು ನನ್ನ ಪರಿಚಯವನ್ನೇ ಮೊದಲಿಂದ ಕೊನೆಯವರೆಗೆ ಓದಿದಳು.

"ರೇಡಿಯೊ ಎಲ್ಲೈತ್ರಿ ಇದರಾಗ?"

"ಅದನ್ಯಾಕ ಬರೀಬೇಕು?"

"ದಿನಾ ನನ್ನ ಮುಂದ ಅದನ್ನ ಬಿಟ್ಟು ಬ್ಯಾರೆ ಮಾತಾಡಂಗಿಲ್ಲ ನೀವು. ಸುಳ್ಳು ಹವ್ಯಾಸ ಇಟ್ಕೊಂಡು ನಿಜವಾದ ಮನುಷ್ಯರನ್ನ ಹುಡುಕಿದ್ರ ಹ್ಯಾಂಗ್ ಸಿಗ್ತಾರ್ರಿ?"

ಅಡುಗೆ, ಸಂಗೀತ ಅಳಿಸಿಹೋದವು. ಹಳೆಯ ರೇಡಿಯೊಗಳನ್ನು ಬಿಚ್ಚಿ ಸರಿಮಾಡುತ್ತೇನೆ ಎಂಬ ಸಾಲು ಬಂತು. ಬಾಲ್ಕನಿಯಲ್ಲಿ ಕನ್ನಡಕ ಹಾಕಿಕೊಂಡು ಬೆಸುಗೆ ಹಾಕುತ್ತಿರುವ ಒಂದು ಫೋಟೊವನ್ನೂ ಅವಳು ಸೇರಿಸಿದಳು. ತಲೆಗೂದಲು ಕೆದರಿದೆ ಎಂದು ನಾನು ಬೇಡವೆಂದರೂ ಕೇಳಲಿಲ್ಲ.

ಅದಾದಮೇಲೆ ಜೋಡಿಗಳು ಕಡಿಮೆಯಾದವು. ನಾನೂ ಅದರ ಆಸೆ ಬಿಟ್ಟು ನನ್ನ ಪಾಡಿಗಿದ್ದೆ. ಹೀಗಿರುವಾಗ ಒಂದು ದಿನ ಕಾರ್ಖಾನೆಯಿಂದ ಮನೆಗೆ ಬರುವ ಬಸ್ಸಿನಲ್ಲಿ ಫೋನು ತೆರೆದರೆ ಒಂದು ಫೋಟೊ ಕಂಡಿತು. ಊಟದ ಮೇಜಿನ ಮೇಲೆ ತೆಲುಗು ಪೇಪರು ಹಾಸಿ, ಅದರ ಮೇಲೆ ಮರದ ಪೆಟ್ಟಿಗೆಯ ಟ್ರಾನ್ಸಿಸ್ಟರ್ ಸೆಟ್ಟು. ಬೆನ್ನಿನ ಮುಚ್ಚಳ ತೆಗೆದಿದೆ. ತಿರುಗಣೆಗಳನ್ನೂ ಸ್ಕ್ರೂಗಳನ್ನೂ ಒಂದು ಸ್ಟೀಲ್ ವಾಟಿಯಲ್ಲಿ ಹಾಕಿಟ್ಟಿದೆ. ಪಕ್ಕದಲ್ಲಿ ಪೆಚ್ಚು ಮುಖದ ಗಂಡಸು. ನಲವತ್ತೆರಡು ವರ್ಷ, ಶಾಲೆಯಲ್ಲಿ ಗಣಿತದ ಮೇಷ್ಟ್ರು, ವಿಚ್ಛೇದನವಾಗಿದೆ, ತಾಯಿಯ ಜೊತೆ ವಾಸ. ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದರು: "ಈಚೆಗೆ ಹಳೆಯ ರೇಡಿಯೊ ರಿಪೇರಿ ಕಲಿಯಲು ಶುರುಮಾಡಿದ್ದೇನೆ. ಇಲ್ಲಿಯವರೆಗೆ ಒಂದೂ ಹಾಡಿಲ್ಲ."

ನಾನು ಇಷ್ಟವೆಂದು ಬಲಕ್ಕೆ ಸರಿಸಿದೆ. ಅವರು ಮೊದಲೇ ನನ್ನನ್ನು ಇಷ್ಟಪಟ್ಟಿದ್ದರೆಂದು ಕಾಣುತ್ತದೆ, ತಕ್ಷಣ ಜೋಡಿ ಕೂಡಿತು. ಇನ್ನು ಅವರು ಏನೂ ಮಾಡುವಂತಿಲ್ಲ. ನಾನು ಬರೆಯಬೇಕು, ನಾಳೆ ಇಷ್ಟು ಹೊತ್ತಿನೊಳಗೆ. ಇಳಿಯಬೇಕಾದ ಸ್ಟಾಪು ದಾಟಿಹೋದದ್ದು ಕಂಡಕ್ಟರ್ ಹೇಳಿದಮೇಲೆ ತಿಳಿಯಿತು.

ನಡೆದು ವಾಪಸು ಬರುತ್ತಲೇ ಮನಸ್ಸಿನಲ್ಲಿ ಬರೆಯತೊಡಗಿದೆ. ಈ ಸಲ ಸುಳ್ಳು ಹೇಳಬೇಕಾದದ್ದೇನೂ ಇರಲಿಲ್ಲ, ಹೇಳಬೇಕಾದದ್ದೇ ಜಾಸ್ತಿಯಾಗಿತ್ತು. ಫೋಟೊ ದೊಡ್ಡದು ಮಾಡಿ ನೋಡಿದರೆ ಕರೆಂಟಿನ ವೈರಿನ ಸಿಪ್ಪೆ ಬುಡದಲ್ಲಿ ಸುಲಿದಿದೆ, ಪ್ಲಗ್ಗು ಗೋಡೆಯಲ್ಲೇ ಇದೆ, ಬೆನ್ನು ತೆರೆದಿದೆ. ಮನೆ ಮುಟ್ಟಿದವಳೇ ಬ್ಯಾಗೂ ಇಳಿಸದೆ ಬರೆದೆ: "ದಯವಿಟ್ಟು ಮೊದಲು ಪ್ಲಗ್ ತೆಗೆಯಿರಿ. ಆ ವೈರು ಬದಲಾಯಿಸಿ. ಹಿಂದೆ ಮುಚ್ಚಳವಿಲ್ಲದೆ ಕರೆಂಟು ಕೊಡಬಾರದು. ಬೆಸುಗೆ ಹಾಕುವ ಐರನ್ ಯಾವುದು? ಮೀಟರ್ ಇದೆಯೇ?" ಹೀಗೆ ಪರದೆಯ ಉದ್ದಕ್ಕೂ. ಕಳಿಸುವ ಮೊದಲು ಪರದೆಯ ಚಿತ್ರ ತೆಗೆದು ರಾಯಚೂರಿನವಳಿಗೆ ತೋರಿಸಿದೆ. ಅವಳು ಫೋನು ಮಾಡಿದಳು.

"ಅಕ್ಕಾ, ಇದು ನಮ್ಮ ಲ್ಯಾಬಿನ ಗ್ವಾಡಿಗೆ ಹಚ್ಚಿದ ಸೇಫ್ಟಿ ನೋಟೀಸ್ ಆತು."

"ಆದ್ರ ವೈರು ಸುಲಿದೈತಿ."

"ಹೇಳಾಕ ಬ್ಯಾಡ ಅನ್ನಂಗಿಲ್ಲ. ಒಂದ್ ಮಾತು ಅವ್ರು ಆಡಿದ ಮ್ಯಾಲೆ ಹೇಳ್ರಿ. ಮೊದಲ ಮಾತಿಗೇ ಪರೀಕ್ಷೆ ಇಟ್ರ ಯಾರ್ ಬಾಯಿ ಬಿಡ್ತಾರ? ಸಣ್ಣದು ಬರೀರಿ. ಒಂದು ಪ್ರಶ್ನೆ ಸಾಕು, ಅವ್ರಿಗೆ ಉತ್ತರ ಕೊಡಾಕ ಖುಷಿ ಆಗ್ಬೇಕು ಅಂಥಾದ್ದು. ನಿಮ್ಮದೂ ಒಂದು ಸಾಲು ಇರ್ಲಿ."

ನಾನು ಫೋನಿನಲ್ಲಿ ಆಡಿದ ಮಾತು ಅವ್ವನ ಕಿವಿಗೆ ಬಿದ್ದಿತ್ತು. ಅವಳು ಒಳಗಿನ ಕೋಣೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದಳು. "ಯಾರಿಗೆ ವೈರು?" ಎಂದಳು. ಮುಚ್ಚಿಟ್ಟು ಮಾತಾಡುವ ವಯಸ್ಸು ನನ್ನದಲ್ಲವೆನಿಸಿ ಎಲ್ಲ ಹೇಳಿದೆ. ಆಪ್ ಎಂದರೆ ಏನು, ಮೊದಲು ನಾನೇ ಯಾಕೆ ಬರೆಯಬೇಕು, ಆ ಮೇಷ್ಟ್ರು ಯಾರು, ಅಷ್ಟನ್ನೂ. ಬೈಗುಳಕ್ಕೆ ಕಾದೆ. ಅವಳು ಕೈಯಲ್ಲಿದ್ದ ಸೊಪ್ಪಿನ ದಂಟು ಮುರಿದು ಪಕ್ಕಕ್ಕಿಟ್ಟಳು.

"ಫೋಟೊ ತೋರ್ಸು."

ತೋರಿಸಿದೆ. ಅವಳು ಮನುಷ್ಯನನ್ನು ಒಂದು ಗಳಿಗೆ, ರೇಡಿಯೊವನ್ನು ಬಹಳ ಹೊತ್ತು ನೋಡಿದಳು.

"ನಿನಗೇನೂ ಬರಂಗಿಲ್ಲ ಅಂತ ಬರಿ. ಕಲಿಸಿ ಕೊಡ್ರಿ ಅನ್ನು. ಗಂಡಸ್ರಿಗೆ ಕಲಿಸೋದಂದ್ರ ಭಾಳ ಸೇರ್ತೈತಿ."

"ನನ್ನ ಫೋಟೊದಾಗ ಬೆಸುಗೆ ಹಾಕಾಕತ್ತೀನಲ್ಲವ್ವಾ. ಮತ್ತ ಮಾಷ್ಟರ್ಗೇ ಏನೂ ಬರಂಗಿಲ್ಲ ಅಂತ ಬರ್ದಾರ."

"ಹಂಗಾರ ಅದೂ ಬ್ಯಾಡ." ಮತ್ತೊಂದು ದಂಟು ಕೈಗೆತ್ತಿಕೊಂಡು ಅಂದಳು, "ನಿಮ್ಮಪ್ಪ ಯಾರ್ ರೇಡಿಯೊ ತಂದ್ರೂ ಮೊದಲ ಏನ್ ಕೇಳ್ತಿದ್ದ? ಏನ್ ಕೆಟ್ಟೈತಿ ಅಂತಿದ್ದಿಲ್ಲ. ಏನ್ ಸಪ್ಪಳ ಮಾಡ್ತೈತಿ ಅಂತಿದ್ದ. ತಂದವ್ರು ಬಾಯಿಲೇ ಮಾಡಿ ತೋರಿಸ್ತಿದ್ರು, ಕೊರ್ ಅಂತೈತ್ರಿ, ಸುಂಯ್ ಅಂತೈತ್ರಿ ಅಂತ. ಆ ಠಾಣೇದಾರ ಬಂದಾಗ ನೆನಪೈತಿಲ್ಲೊ? ಕಪ್ಪೀಗತೆ ಒದರಿದ್ದ."

ನೆನಪಿತ್ತು. ಅಷ್ಟು ದೊಡ್ಡ ಮೀಸೆಯ ಮನುಷ್ಯ ನಮ್ಮ ಪಡಸಾಲೆಯಲ್ಲಿ ಕುಳಿತು ಕಪ್ಪೆಯ ಹಾಗೆ ಒದರಿದಾಗ ಅಪ್ಪ ನಗದೆ ತಲೆಯಾಡಿಸಿ ಕೇಳಿಸಿಕೊಂಡಿದ್ದ. ಅವ್ವ ಮಾತ್ರ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡಿದ್ದಳು. ಈಗಲೂ ಅವಳಿಗೆ ನಗು ತಡೆಯಲಾಗಲಿಲ್ಲ. ಇಬ್ಬರೂ ಸೊಪ್ಪಿನ ಮುಂದೆ ಕೂತು ನಕ್ಕೆವು.

ಆಮೇಲೆ ಬರೆಯುವುದು ಕಷ್ಟವಾಗಲಿಲ್ಲ. ಇಂಗ್ಲಿಷಿನಲ್ಲಿ ಬರೆದದ್ದನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ: "ನಿಮ್ಮ ಊಟದ ಮೇಜಿನ ಮೇಲಿನ ರೇಡಿಯೊ ಹಾಡುವುದಿಲ್ಲ ಸರಿ, ಆದರೆ ಬೇರೇನಾದರೂ ಸದ್ದು ಮಾಡುತ್ತದೆಯೇ? ನನ್ನ ಬಾಲ್ಕನಿಯಲ್ಲಿ ಈಗ ಇರುವುದು ದಿನವಿಡೀ ಜೇನುಗೂಡಿನ ಹಾಗೆ ಗುಂಯ್ ಎನ್ನುತ್ತಿದೆ."

ರಾಯಚೂರಿನವಳು ಓದಿ, "ಇದನ್ನ ಇನ್ನೊಬ್ರಿಗೆ ಕಳಿಸಾಕ ಬರಂಗಿಲ್ಲ ನೋಡ್ರಿ. ಅಷ್ಟಾದ್ರ ಆತು. ಕಳಿಸಿಬಿಡ್ರಿ" ಎಂದಳು. ಕಳಿಸಿದೆ.

ಆ ಸಂಜೆ ಉತ್ತರ ಬರಲಿಲ್ಲ. ಬೆಳಿಗ್ಗೆಯೂ ಇಲ್ಲ. ಲ್ಯಾಬಿನಲ್ಲಿ ಫೋನನ್ನು ಲಾಕರಿನಲ್ಲಿ ಇಟ್ಟು ಒಳಗೆ ಹೋಗಬೇಕಾದ್ದರಿಂದ ಮಧ್ಯಾಹ್ನದವರೆಗೆ ನೋಡುವಂತಿರಲಿಲ್ಲ. ಅದು ಒಳ್ಳೆಯದೇ ಆಯಿತು. ಬಾರದಿದ್ದರೂ ಪರವಾಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ, ಮತ್ತು ಆಶ್ಚರ್ಯವೆಂದರೆ ಅದು ಪೂರ್ತಿ ಸುಳ್ಳಾಗಿರಲಿಲ್ಲ. ಆ ಎರಡು ಸಾಲು ನನ್ನವು ಎನಿಸಿತ್ತು.

ಊಟದ ಹೊತ್ತಿಗೆ ಲಾಕರ್ ತೆಗೆದರೆ ಉತ್ತರ ಬಂದಿತ್ತು.

"ಯಾವ ಸದ್ದೂ ಇಲ್ಲ. ಒಳಗಿನ ಸಣ್ಣ ದೀಪ ಹತ್ತುತ್ತದೆ, ಅಷ್ಟೆ. ನಾನು ಕ್ಲಾಸಿನಲ್ಲಿ ಪ್ರಶ್ನೆ ಕೇಳಿದಾಗ ಹುಡುಗರು ಬಾಯಿಮುಚ್ಚಿ ಕೂರುತ್ತಾರಲ್ಲ, ಹಾಗೆ ಕೂತಿರುತ್ತದೆ. ನಿಮ್ಮ ಜೇನುಹುಳುಗಳಿಗೆ ಏನು ಮಾಡುತ್ತಿದ್ದೀರಿ?"

ನನ್ನ ಬಾಯಿಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ರಾಯಚೂರಿನವಳು ನನ್ನ ಭುಜದ ಮೇಲಿಂದ ಇಣುಕಿ ಓದಿ, ತನ್ನ ಡಬ್ಬಿಯಲ್ಲಿದ್ದ ಶೇಂಗಾ ಹೋಳಿಗೆಯನ್ನು ನನ್ನ ತಟ್ಟೆಗೆ ಹಾಕಿದಳು.

ಜೇನುಹುಳುಗಳ ಕಾರಣ ಒಣಗಿದ ಒಂದು ಕೆಪಾಸಿಟರ್ ಇರಬೇಕು, ಕರೆಂಟನ್ನು ನುಣುಪು ಮಾಡುವ ಕೆಲಸ ಅದರದು, ಬದಲಾಯಿಸಿದರೆ ಹಾರಿಹೋಗುತ್ತವೆ ಎಂದು ಬರೆದೆ. ವೈರಿನ ಮಾತನ್ನೂ ಈಗ ಹೇಳಿದೆ. ಅವರು ಆ ಸಂಜೆಯೇ ಹೊಸ ವೈರು ಹಾಕಿ ಫೋಟೊ ಕಳಿಸಿದರು. ಒಂದು ಧ್ವನಿ ಮೆಸೇಜೂ ಬಂತು, ತಮ್ಮ ರೇಡಿಯೊದ ಮೌನವನ್ನು ರೆಕಾರ್ಡ್ ಮಾಡಿದ್ದರು. ಕುಕ್ಕರಿನ ಸೀಟಿ, ಅವರ ತಾಯಿ ಯಾರನ್ನೋ ಕರೆಯುವುದು, ಸ್ವಿಚ್ಚು ಒತ್ತಿದ ಸದ್ದು. ನಾನು ಕಿವಿಗೆ ಒತ್ತಿಕೊಂಡು ಮತ್ತೆ ಮತ್ತೆ ಕೇಳಿದೆ. ಸ್ವಿಚ್ಚಿನ ಹಿಂದೆಯೇ ಇನ್ನೊಂದು ಸದ್ದಿತ್ತು, ಸ್ಪೀಕರಿನೊಳಗಿಂದ, ಮೆತ್ತಗೆ ದುಮ್ ಎಂದದ್ದು.

"ನಿಮ್ಮ ರೇಡಿಯೊ ಸತ್ತಿಲ್ಲ" ಎಂದು ಬರೆದೆ. "ಸ್ಪೀಕರೂ ಅದನ್ನು ನಡೆಸುವ ಭಾಗವೂ ಎಚ್ಚರವಾಗಿವೆ. ಪ್ಲಗ್ ತೆಗೆದು ಸೆಲ್ ಹಾಕಿ. ಸ್ಟೇಷನ್ ಬದಲಾಯಿಸುವುದಲ್ಲ, ಮೀಡಿಯಂ ವೇವ್, ಶಾರ್ಟ್ ವೇವ್ ಎಂದು ಬ್ಯಾಂಡ್ ಬದಲಾಯಿಸುವ ಸ್ವಿಚ್ಚಿದೆಯಲ್ಲ, ಅದನ್ನು ಅತ್ತಿತ್ತ ಆಡಿಸಿ."

ಆಡಿಸಿದರು. ಒಂದು ಜಾಗದಲ್ಲಿ ಕರಕರ ಎಂದಿತಂತೆ. ಅದನ್ನು ಹೇಳುವ ಅವರ ಮೆಸೇಜಿನಲ್ಲಿ ಅಕ್ಷರಗಳು ಅತ್ತಿತ್ತಾಗಿದ್ದವು. ಸ್ವಿಚ್ಚಿನೊಳಗೆ ವರ್ಷಗಟ್ಟಲೆಯ ಕಿಲುಬು ಕೂತಿದೆ, ಅದನ್ನು ತೊಳೆಯುವ ಸ್ಪ್ರೇ ಕೋಠಿಯ ಬಜಾರಿನಲ್ಲಿ ಸಿಗುತ್ತದೆ ಎಂದೆ. ಯಾವ ಅಂಗಡಿ ಎಂದು ಕೇಳಿದರು. ಗಲ್ಲಿಯೊಳಗೆ ಗಲ್ಲಿ, ಬರೆದು ತಿಳಿಸುವುದು ಕಷ್ಟ. ಆ ಮಾತು ಬರೆದಮೇಲೆ ನನಗೇ ಅದರ ಅರ್ಥ ಹೊಳೆಯಿತು. ಅವರಿಗೂ ಹೊಳೆದಿರಬೇಕು. "ನಿಮಗೆ ಅಭ್ಯಂತರವಿಲ್ಲದಿದ್ದರೆ ಶನಿವಾರ ಮಧ್ಯಾಹ್ನ ತೋರಿಸುವಿರಾ?" ಎಂದು ಕೇಳಿದರು.

ಎಲ್ಲಿ, ಎಷ್ಟು ಹೊತ್ತಿಗೆ ಎಂದು ರಾಯಚೂರಿನವಳಿಗೆ ತಿಳಿಸಿ ಹೋದೆ. ಹಾಗೆ ಮಾಡಬೇಕೆಂದು ಅವಳೇ ತಾಕೀತು ಮಾಡಿದ್ದಳು. ಶನಿವಾರದ ಕೋಠಿ ಎಂದರೆ ಕಾಲಿಡಲು ಜಾಗವಿಲ್ಲ, ಹೊಸಬರನ್ನು ಭೇಟಿಯಾಗಲು ಅದಕ್ಕಿಂತ ಹೆಚ್ಚು ಜನರ ನಡುವಿನ ಜಾಗ ಬೇಕಿರಲಿಲ್ಲ. ಅವರು ರೇಡಿಯೊವನ್ನು ಟರ್ಕಿ ಟವೆಲ್ಲಿನಲ್ಲಿ ಸುತ್ತಿ ಕೂಸಿನ ಹಾಗೆ ಎತ್ತಿಕೊಂಡು ಬಸ್ ಸ್ಟಾಪಿನಲ್ಲಿ ನಿಂತಿದ್ದರು. ಫೋಟೊದಲ್ಲಿದ್ದದ್ದಕ್ಕಿಂತ ಎತ್ತರ. ಏನು ಮಾತಾಡಬೇಕೆಂದು ನಾನು ಬಸ್ಸಿನಲ್ಲಿ ಚಿಂತೆ ಮಾಡಿದ್ದು ವ್ಯರ್ಥವಾಯಿತು. ಹಿಂದಿಯಲ್ಲಿ, ನಡುನಡುವೆ ತೆಲುಗಿನಲ್ಲಿ, ಅವರು ಕೇಳುತ್ತ ಬಂದರು, ನಾನು ಹೇಳುತ್ತ ಹೋದೆ.

ಅಂಗಡಿಯ ಮುದುಕ ಅಪ್ಪನ ಕಾಲದಿಂದ ಗೊತ್ತು. "ಬೋಲೋ ಬೇಟಾ, ಆಜ್ ಕ್ಯಾ ಹೋನಾ?" ಎಂದು ಇವತ್ತೇನು ಬೇಕೆಂದು ವಿಚಾರಿಸಿದ. ಸ್ಪ್ರೇ ಕೊಟ್ಟು, ರೇಡಿಯೊ ನೋಡಿ, ಗಲ್ಲಾದ ಪಕ್ಕದಲ್ಲಿ ಜಾಗ ಮಾಡಿಕೊಟ್ಟ. ಸ್ಕ್ರೂಡ್ರೈವರ್ ತೆಗೆದುಕೊಳ್ಳಲು ನನ್ನ ಕೈ ತಾನಾಗಿ ಮುಂದೆ ಹೋಯಿತು. ಹಿಂದಕ್ಕೆ ಎಳೆದುಕೊಂಡು ಪೆಟ್ಟಿಗೆ ಮಾತ್ರ ಹಿಡಿದೆ. ಕಲಿಯುತ್ತಿದ್ದವರು ಅವರು. ಸೆಲ್ ತೆಗೆದು ಮುಚ್ಚಳ ಬಿಚ್ಚಿದರು, ಸ್ವಿಚ್ಚಿನ ಸಂದಿಗೆ ಸ್ಪ್ರೇ ಹೊಡೆದರು, ಅತ್ತಿತ್ತ ಆಡಿಸಿದರು. ಒಣಗಲಿ ಎಂದು ಕಾದೆವು. ಅವರ ಹಣೆಯ ಮೇಲೆ ಬೆವರು ಕೂತಿತ್ತು.

"ಬಾರದಿದ್ದರೆ?" ಎಂದರು.

"ಬಾರದಿದ್ದರೆ ಇನ್ನೊಂದು ಕಡೆ ಹುಡುಕೋಣ."

ಸೆಲ್ ಹಾಕಿ ತಿರುಗಿಸಿದರು. ಮೊದಲು ಸ್ಪೀಕರಿನಿಂದ ಬಂದದ್ದು ಸುತ್ತಲಿನ ಅಂಗಡಿಗಳ ಬಲ್ಬುಗಳು ಎಬ್ಬಿಸುವ ಗರಗರ ಸದ್ದು. ಅವರು ಮುಳ್ಳನ್ನು ಮೆಲ್ಲಗೆ ಸರಿಸಿದರು. ಗರಗರದ ನಡುವಿನಿಂದ ತೆಲುಗಿನಲ್ಲಿ ಒಬ್ಬ ಹೆಂಗಸಿನ ಧ್ವನಿ ಎದ್ದುಬಂತು, ನಿಂಬೆ ಗಿಡದ ಎಲೆ ಮುರುಟಿದರೆ ಏನು ಮಾಡಬೇಕೆಂದು ಯಾರಿಗೋ ತಿಳಿಸಿ ಹೇಳುತ್ತಿದ್ದಳು. ಮೇಷ್ಟ್ರು ಉಸಿರೂ ಬಿಡದೆ ನಿಂತು ಆ ಇಡೀ ಉಪದೇಶವನ್ನು ಕೇಳಿದರು. ಅಂಗಡಿಯ ಮುದುಕ ಕೈ ಚಾಚಿ ವಾಲ್ಯೂಮ್ ಏರಿಸಿದ.

ಆಮೇಲೆ ಇರಾನಿ ಹೋಟೆಲಿನಲ್ಲಿ ಚಹಾ ಕುಡಿದೆವು, ಮೂರನೆಯ ಕುರ್ಚಿಯಲ್ಲಿ ರೇಡಿಯೊ ಇಟ್ಟು. ಅಲ್ಲಿ ಅವರು ಹೇಳಿದರು. ನನ್ನ ಪರಿಚಯ ನೋಡಿ ಇಷ್ಟವಾಗಿತ್ತಂತೆ, ಆದರೆ ಇಷ್ಟೆಲ್ಲ ಬಲ್ಲವಳು ತಮ್ಮಲ್ಲಿ ತಪ್ಪು ಹುಡುಕಿ ನಗುತ್ತಾಳೆ ಎಂದುಕೊಂಡಿದ್ದರಂತೆ. "ನೀವು ಸದ್ದು ಮಾಡುತ್ತದೆಯೇ ಎಂದು ಕೇಳಿದಿರಿ. ನನಗೆ ಗೊತ್ತಿರುವುದನ್ನೇ ಕೇಳಿದಿರಿ" ಎಂದರು. ಆ ಪ್ರಶ್ನೆ ನನ್ನದಲ್ಲ, ಅಪ್ಪನದು, ನೆನಪಿಸಿದ್ದು ಅವ್ವ ಎಂದೆ. ಅವರ ಮದುವೆ ಮುರಿದ ಕಥೆಯನ್ನೂ ಅಂದು ಕೇಳಿದೆ. ದೊಡ್ಡ ಜಗಳವೇನಲ್ಲ, ಮನೆಯಲ್ಲಿ ಇಬ್ಬರೂ ಮಾತು ಬಿಟ್ಟು ಬದುಕುತ್ತ ಕೊನೆಗೊಮ್ಮೆ ಬೇರೆಯಾದವರು. ಅದನ್ನು ಹೇಳುವಾಗ ಅವರು ಯಾರನ್ನೂ ದೂರಲಿಲ್ಲ. ನಾನು ಅದನ್ನು ಗಮನಿಸಿದೆ.

ನಂತರದ ತಿಂಗಳುಗಳಲ್ಲಿ ಅಬಿಡ್ಸ್‌ನ ರವಿವಾರದ ಫುಟ್‌ಪಾತಿನಲ್ಲಿ ಹಳೆಯ ಸರ್ಕಿಟ್ ಪುಸ್ತಕಗಳನ್ನು ಹುಡುಕಿದೆವು, ಒಬ್ಬರ ಮೇಲೊಬ್ಬರು ಒಂದಿಷ್ಟು ಬೇಸರ ಮಾಡಿಕೊಂಡೆವು, ಸರಿಹೋದೆವು. ಅವರಿಗೆ ತಾಳ್ಮೆ ಜಾಸ್ತಿ, ನನಗೆ ಬಾಯಿ ಜಾಸ್ತಿ. ಮದುವೆಯ ಮಾತನ್ನು ಇಬ್ಬರೂ ಇನ್ನೂ ಎತ್ತಿಲ್ಲ, ಆದರೆ ಮುಂದಿನ ವರ್ಷ ಎಂದು ಮಾತಾಡುವಾಗ ಇಬ್ಬರನ್ನೂ ಸೇರಿಸಿಯೇ ಮಾತಾಡುತ್ತೇವೆ.

ಈ ಜನವರಿಯಲ್ಲಿ ನಾಂಪಲ್ಲಿಯ ನುಮಾಯಿಷ್ ವಸ್ತುಪ್ರದರ್ಶನಕ್ಕೆ ಅವ್ವನನ್ನೂ ಅವರ ತಾಯಿಯನ್ನೂ ಕರೆದುಕೊಂಡು ಹೋದೆವು. ಅವ್ವನ ಕನ್ನಡ ಅವರ ತಾಯಿಗೆ ಬಾರದು, ಅವರ ತಾಯಿಯ ತೆಲುಗು ಅವ್ವನಿಗೆ ಅರ್ಧ ಬರುತ್ತದೆ. ಕಾಶ್ಮೀರಿ ಶಾಲುಗಳ ಅಂಗಡಿಯಲ್ಲಿ ಇಬ್ಬರು ತಾಯಂದಿರೂ ಒಂದೇ ಶಾಲನ್ನು ಎರಡು ತುದಿಯಿಂದ ಹಿಡಿದು ಬೆಲೆ ಇಳಿಸಲು ನಿಂತರು. ನಾವು ಹೊರಗೆ ಕಾಯುತ್ತಿದ್ದಾಗ ಮೇಷ್ಟ್ರು, ನನ್ನಿಂದ ಕಲಿತ ಕನ್ನಡದಲ್ಲಿ, ಎಚ್ಚರಿಕೆಯಿಂದ ಒಂದೊಂದೇ ಪದ ಜೋಡಿಸಿ, "ಇವ್ರು ಭಾಳ ಹೊತ್ತು ಮಾಡ್ತಾರ್ರಿ. ನಾವು ಮಿರ್ಚಿ ತಿನ್ನೋಣೇನ್ರಿ?" ಎಂದರು. ತಿನ್ನೋಣ ಎಂದೆ. ಬಿಸಿ ಮಿರ್ಚಿಯ ಪೊಟ್ಟಣ ಅವರ ಕೈಯಲ್ಲಿ, ಚಟ್ನಿಯ ಎಲೆ ನನ್ನ ಕೈಯಲ್ಲಿ, ಜನರ ನಡುವೆ ದಾರಿ ಮಾಡಿಕೊಂಡು ಕೂರಲು ಒಂದು ಬೆಂಚು ಹುಡುಕಿದೆವು.